ಚಿತ್ರವನ್ನು ಕೈಯಿಂದ ಮುಚ್ಚಿ ಓದಿ: ನಿರ್ದೇಶಾಂಕ ರೇಖಾಗಣಿತದ ಉತ್ತರಗಳಿಗೆ ಅಂಕ ಕೊಡುವ ಬಗ್ಗೆ

(ಧಾರವಾಡದಲ್ಲಿ ಪ್ರೌಢಶಾಲೆಯ ಗಣಿತ ಶಿಕ್ಷಕರು ಮತ್ತು ಪಾಲಕರು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಹಲಗೆಯ ಮೇಲೆ ಬರೆದು ತೋರಿಸಿದ್ದನ್ನು ಇಲ್ಲಿ ಮಾತಿನೊಳಗೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನವಲಗುಂದ, ಕುಂದಗೋಳ, ಮುಂಡರಗಿ, ಹಾನಗಲ್ಲಿನಿಂದ ಬೆಳಗಿನ ಬಸ್ ಹಿಡಿದು ಬಂದವರು ಇಲ್ಲಿದ್ದೀರಿ. ಆದ್ದರಿಂದ ಪೀಠಿಕೆಗೆ ಸಮಯ ಕಳೆಯದೆ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಪೂರ್ವಸಿದ್ಧತಾ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ನಾವು ಶಾಲೆಯಿಂದ ಶಾಲೆಗೆ ಬದಲಾಯಿಸಿಕೊಂಡು ತಿದ್ದುವುದುಂಟು. ಹಾಗೆ ತಿದ್ದಿದ ಪತ್ರಿಕೆಗಳಲ್ಲಿ ಒಂದು ಷರಾ ಮತ್ತೆ ಮತ್ತೆ ಕಾಣುತ್ತದೆ: "ಚಿತ್ರವಿಲ್ಲ, ಅರ್ಧ ಅಂಕ ಕಡಿತ." ಇಲ್ಲವೇ, "ಚಿತ್ರ ತಪ್ಪು, ಒಂದು ಅಂಕ ಕಡಿತ." ಪಕ್ಕದಲ್ಲಿರುವ ಲೆಕ್ಕ ಮೊದಲಿನಿಂದ ಕೊನೆಯವರೆಗೆ ಸರಿ ಇರುತ್ತದೆ. ಪ್ರಶ್ನೆಯಲ್ಲಿ ಚಿತ್ರ ಬರೆಯಿರಿ ಎಂದು ಕೇಳಿರುವುದಿಲ್ಲ. ಹಾಗಿದ್ದರೂ ಅಂಕ ಹೋಗಿರುತ್ತದೆ. ಅದೇ ಕಟ್ಟಿನಲ್ಲಿ ಇನ್ನೊಂದು ಪತ್ರಿಕೆ ಇರುತ್ತದೆ. ಅಲ್ಲಿ ಸ್ಕೇಲು ಹಿಡಿದು ಬರೆದ ಅಂದವಾದ ಚಿತ್ರ, ಅದರ ಕೆಳಗೆ "ಚಿತ್ರದಿಂದ ನಾಲ್ಕೂ ಬಾಹುಗಳು ಸಮ" ಎಂಬ ಒಂದು ಸಾಲು, ಅದಕ್ಕೆ ಪೂರ್ಣ ಅಂಕ. ಈ ಎರಡೂ ತಪ್ಪು ಎಂದು ನಾನು ಹೇಳುತ್ತಿದ್ದೇನೆ. ಇವೆರಡಕ್ಕೂ ಮೂಲ ಒಂದೇ.

ಆ ಮೂಲ ಯಾವುದು? ಪ್ರಮೇಯ ತಿದ್ದುವಾಗಿನ ರೂಢಿ. ಥೇಲ್ಸ್ ಪ್ರಮೇಯವನ್ನು ಸಾಧಿಸಿ ಎಂದು ಕೇಳಿದಾಗ ಚಿತ್ರ, ದತ್ತ, ಸಾಧನೀಯ, ರಚನೆ, ಸಾಧನೆ ಎಂದು ಬಿಡಿಬಿಡಿಯಾಗಿ ಅಂಕ ಹಂಚುತ್ತೇವೆ. ಅಲ್ಲಿ ಚಿತ್ರಕ್ಕೆ ಅಂಕ ಇರುವುದು ನ್ಯಾಯವೇ. ಏಕೆಂದರೆ D ಎಂಬ ಬಿಂದು ಯಾವ ಬಾಹುವಿನ ಮೇಲಿದೆ, ರೇಖೆಯನ್ನು ಎಲ್ಲಿಂದ ಎಲ್ಲಿಗೆ ಎಳೆದಿದೆ ಎಂಬುದನ್ನು ಓದುಗ ಚಿತ್ರ ನೋಡಿಯೇ ತಿಳಿಯಬೇಕು. ಅಲ್ಲಿ ಅಕ್ಷರಗಳಿಗೆ ಅರ್ಥ ಕೊಡುವುದು ಚಿತ್ರ. ನಿರ್ದೇಶಾಂಕ ರೇಖಾಗಣಿತದಲ್ಲಿ ಹಾಗಲ್ಲ. A(4, 5) ಎಂದು ಬರೆದ ಕ್ಷಣವೇ A ಎಲ್ಲಿದೆ ಎಂಬುದು ನಿರ್ಧಾರವಾಗಿಬಿಟ್ಟಿದೆ. ಚಿತ್ರ ಬರೆದರೂ ಅದು ಅಲ್ಲೇ ಇರುತ್ತದೆ, ಬರೆಯದಿದ್ದರೂ ಅಲ್ಲೇ ಇರುತ್ತದೆ, ತಪ್ಪಾಗಿ ಬರೆದರೂ ಅಲ್ಲೇ ಇರುತ್ತದೆ. ಆಕೃತಿಯ ಪ್ರಶ್ನೆಯನ್ನು ಸಂಖ್ಯೆಗಳ ಪ್ರಶ್ನೆಯಾಗಿ ಮಾರ್ಪಡಿಸುವ ಈ ದಾರಿಯನ್ನು ಡೆಕಾರ್ಟೆ 1637ರಲ್ಲಿ ಪ್ರಕಟಿಸಿದ. ಆ ದಾರಿಯ ಬಲವೇ ಕಣ್ಣಿನ ಅಂದಾಜಿನ ಮೇಲೆ ನಿಲ್ಲದೆ ಲೆಕ್ಕದ ಮೇಲೆ ನಿಲ್ಲುವುದು. ಆ ಅಧ್ಯಾಯದ ಉತ್ತರವನ್ನು ಪ್ರಮೇಯದ ಅಳತೆಗೋಲಿನಿಂದ ಅಳೆದರೆ ಮಗು ಕಲಿತದ್ದನ್ನು ನಾವೇ ಅಲ್ಲಗಳೆದಂತೆ ಆಗುತ್ತದೆ.

ಮೌಲ್ಯಮಾಪಕ ಮಾಡಬೇಕಾದ ಪರೀಕ್ಷೆ ತೀರ ಸರಳವಾದದ್ದು. ಎಡಗೈಯಿಂದ ಚಿತ್ರವನ್ನು ಮುಚ್ಚಿ, ಸಾಲುಗಳನ್ನು ಮಾತ್ರ ಓದಿ. ಪ್ರತಿಯೊಂದು ಸಾಲೂ ದತ್ತ ಬಿಂದುಗಳಿಂದ ಅಥವಾ ಹಿಂದಿನ ಸಾಲಿನಿಂದ ಬರುತ್ತಿದೆಯೇ ನೋಡಿ. ಬರುತ್ತಿದ್ದರೆ ಆ ಚಿತ್ರಕ್ಕೆ ಅಂಕ ಕೊಡುವ ಪ್ರಶ್ನೆಯೂ ಇಲ್ಲ, ಕಳೆಯುವ ಪ್ರಶ್ನೆಯೂ ಇಲ್ಲ. ಎಲ್ಲೋ ಒಂದು ಸಾಲು "ಇದು ಎಲ್ಲಿಂದ ಬಂತು?" ಎನ್ನಿಸುವಂತೆ ಅಂತರದಲ್ಲಿ ನಿಂತರೆ ಆಗ ಕೈ ತೆಗೆದು ಚಿತ್ರ ನೋಡಿ. ಆ ಸಾಲು ಚಿತ್ರದ ಮೇಲೆ ಭಾರ ಹಾಕಿದೆ ಎಂದು ಅರ್ಥ. ಆ ಭಾರ ಹೊರುವ ಹಕ್ಕು ಚಿತ್ರಕ್ಕಿದೆಯೇ ಎಂಬುದಷ್ಟೇ ಮುಂದಿನ ಪ್ರಶ್ನೆ.

ಒಂದು ಲೆಕ್ಕವನ್ನು ತೆಗೆದುಕೊಂಡು ಇದನ್ನು ನೋಡೋಣ. A(4, 5), B(0, 3), C(−2, −1), D(2, 1) ಶೃಂಗಗಳಾಗಿರುವ ABCD ಒಂದು ವಜ್ರಾಕೃತಿ ಎಂದು ಸಾಧಿಸಿ, ಅದರ ವಿಸ್ತೀರ್ಣ ಕಂಡುಹಿಡಿಯಿರಿ. ನಾಲ್ಕು ಅಂಕದ ಪ್ರಶ್ನೆ ಎಂದು ಇಟ್ಟುಕೊಳ್ಳೋಣ.

ಲೆಕ್ಕ ಕಷ್ಟದ್ದಲ್ಲ. A ಯಿಂದ B ಗೆ ಹೋಗಲು ಅಡ್ಡಕ್ಕೆ ನಾಲ್ಕು, ಕೆಳಕ್ಕೆ ಎರಡು. ಆದ್ದರಿಂದ AB = √(16 + 4) = √20. BC ಗೆ ಅಡ್ಡಕ್ಕೆ ಎರಡು, ಕೆಳಕ್ಕೆ ನಾಲ್ಕು, ಮತ್ತೆ √20. CD, DA ಕೂಡ √20. ನಾಲ್ಕೂ ಬಾಹು ಸಮ, ಆದ್ದರಿಂದ ವಜ್ರಾಕೃತಿ. ಕರ್ಣಗಳು AC = √72, BD = √8. ವಿಸ್ತೀರ್ಣ ½ × √72 × √8 = ½ × 24 = 12 ಚದರ ಮಾನ. ಇದಕ್ಕೆ ನಾನು ಅಂಕ ಹಂಚುವುದು ಹೀಗೆ: ನಾಲ್ಕು ಬಾಹುಗಳಿಗೆ ಅರ್ಧರ್ಧ, ತೀರ್ಮಾನಕ್ಕೆ ಅರ್ಧ, ಎರಡು ಕರ್ಣಗಳಿಗೆ ಅರ್ಧರ್ಧ, ವಿಸ್ತೀರ್ಣಕ್ಕೆ ಅರ್ಧ. ಒಟ್ಟು ನಾಲ್ಕು. ಇದರಲ್ಲಿ ಚಿತ್ರಕ್ಕೆ ಎಲ್ಲೂ ಜಾಗವಿಲ್ಲ ಎಂಬುದನ್ನು ಗಮನಿಸಿ. ಚಿತ್ರಕ್ಕೆಂದು ಇಡದೇ ಇದ್ದ ಅಂಕವನ್ನು ಚಿತ್ರವಿಲ್ಲವೆಂದು ಕಳೆಯಬೇಕಾದರೆ ಬಾಹುವಿನ ಲೆಕ್ಕಕ್ಕೋ ವಿಸ್ತೀರ್ಣಕ್ಕೋ ಇಟ್ಟ ಅಂಕದಿಂದಲೇ ಕೀಳಬೇಕು. ಅದು ಮಗು ದುಡಿದ ಅಂಕ.

ಈಗ ಮೂರು ಉತ್ತರಗಳನ್ನು ಕಲ್ಪಿಸಿಕೊಳ್ಳಿ. ಮೊದಲನೆಯ ಹುಡುಗಿ ಚಿತ್ರವನ್ನೇ ಬರೆದಿಲ್ಲ. ಮೇಲೆ ಹೇಳಿದ ಲೆಕ್ಕವನ್ನು ಹಾಗೆಯೇ ಬರೆದಿದ್ದಾಳೆ. ನಾಲ್ಕಕ್ಕೆ ನಾಲ್ಕು, ಇದರಲ್ಲಿ ಚರ್ಚೆಯೇ ಇಲ್ಲ.

ಎರಡನೆಯ ಹುಡುಗ ಚಿತ್ರ ಬರೆದಿದ್ದಾನೆ, ಆದರೆ ಅದು ಹೇಗೋ ಇದೆ. ಅಕ್ಷಗಳಿಗೆ ಮಾನ ಗುರುತಿಸಿಲ್ಲ. C ಬಿಂದು ಮೂಲಬಿಂದುವಿನ ಎಡಕ್ಕೆ, ಕೆಳಗೆ ಇರಬೇಕಾದದ್ದು ಮೇಲೆಯೇ ಉಳಿದಿದೆ. AC ಕರ್ಣ BD ಕರ್ಣದ ಮೂರು ಪಟ್ಟು ಉದ್ದ ಇರಬೇಕು, ಅವನ ಚಿತ್ರದಲ್ಲಿ ಎರಡೂ ಹೆಚ್ಚುಕಡಿಮೆ ಸಮವಾಗಿ, ಆಕೃತಿ ಚೌಕದಂತೆ ಕಾಣುತ್ತದೆ. ಸಾಲುಗಳು ಮಾತ್ರ ಮೊದಲ ಹುಡುಗಿಯ ಸಾಲುಗಳೇ. ಇಲ್ಲಿಯೇ ನಮ್ಮ ಕೈ ಕೆಂಪು ಶಾಯಿಯತ್ತ ಹೋಗುವುದು. ಚಿತ್ರ ಮುಚ್ಚಿ ಓದಿ. √20 ಬಂದದ್ದು ನಿರ್ದೇಶಾಂಕಗಳಿಂದ, √72 ಬಂದದ್ದೂ ನಿರ್ದೇಶಾಂಕಗಳಿಂದ. ಚಿತ್ರ ಚೌಕದಂತೆ ಕಂಡರೂ ಅವನು ಚೌಕ ಎಂದು ಬರೆದಿಲ್ಲ. ತನ್ನ ಚಿತ್ರಕ್ಕಿಂತ ತನ್ನ ಲೆಕ್ಕವನ್ನು ನಂಬಿದ್ದಾನೆ. ಅವನಿಗೂ ನಾಲ್ಕಕ್ಕೆ ನಾಲ್ಕು.

ಮೂರನೆಯ ಉತ್ತರದ ಚಿತ್ರ ಮೂರರಲ್ಲಿ ಅತ್ಯಂತ ಸುಂದರ. ಲೆಕ್ಕದಲ್ಲಿ AB = √20, BC = √20 ಎಂದು ಬರೆದು, ಮುಂದೆ "ಚಿತ್ರದಿಂದ AB = BC = CD = DA, ಆದ್ದರಿಂದ ವಜ್ರಾಕೃತಿ" ಎಂದಿದೆ. ಬಳಿಕ ಕರ್ಣಗಳು, ವಿಸ್ತೀರ್ಣ 12, ಎಲ್ಲ ಸರಿ. ಕೈ ಮುಚ್ಚಿ ಓದಿದರೆ ಆ ನಡುವಿನ ಸಾಲು ಕುಸಿಯುತ್ತದೆ. ಅಕ್ಕಪಕ್ಕದ ಎರಡು ಬಾಹು ಸಮವಾದ ಮಾತ್ರಕ್ಕೆ ವಜ್ರಾಕೃತಿ ಆಗುವುದಿಲ್ಲ. ಇದನ್ನು ಬಾಯಿಮಾತಿನಲ್ಲಿ ಹೇಳುವುದಕ್ಕಿಂತ ತೋರಿಸುವುದು ಲೇಸು. A, B, C ಗಳನ್ನು ಹಾಗೆಯೇ ಇಟ್ಟು D ಯನ್ನು ಮಾತ್ರ (4, −1) ಕ್ಕೆ ಸರಿಸಿ. AB, BC ಈಗಲೂ √20. ಆದರೆ CD = 6, DA = 6. ಇದು ಗಾಳಿಪಟದ ಆಕೃತಿ. ಆ ವಿದ್ಯಾರ್ಥಿ ಬರೆದ ಎರಡು ಲೆಕ್ಕಗಳೂ ಈ ಗಾಳಿಪಟಕ್ಕೆ ಅಕ್ಷರಶಃ ಹೊಂದುತ್ತವೆ. ಅಂದರೆ ವಜ್ರಾಕೃತಿಗೂ ಗಾಳಿಪಟಕ್ಕೂ ಇರುವ ವ್ಯತ್ಯಾಸವನ್ನು ಅವನು ಲೆಕ್ಕಕ್ಕೆ ಬಿಡದೆ ಕಣ್ಣಿಗೆ ಬಿಟ್ಟಿದ್ದಾನೆ. CD, DA ಗಳ ಅರ್ಧರ್ಧ ಮತ್ತು ತೀರ್ಮಾನದ ಅರ್ಧ ಹೋಗುತ್ತವೆ. ಅವನಿಗೆ ಎರಡೂವರೆ.

ಚಿತ್ರ ಕೆಟ್ಟದಾಗಿದ್ದವನಿಗೆ ನಾಲ್ಕು, ಚೆನ್ನಾಗಿದ್ದವನಿಗೆ ಎರಡೂವರೆ. ಇದನ್ನು ಕೇಳಿ ಹಿಂದಿನ ಸಾಲಿನಲ್ಲಿ ಕೆಲವರು ತಲೆ ಅಲ್ಲಾಡಿಸಿದ್ದು ನನಗೆ ಕಾಣುತ್ತಿದೆ. ಆದರೆ ಯೋಚಿಸಿ, ಮೂರನೆಯವನ ಚಿತ್ರ ಎಷ್ಟೇ ನಿಖರವಾಗಿದ್ದರೂ ಆ ಒಂದೂವರೆ ಅಂಕ ಹಿಂದಿರುಗಿ ಬರುವುದಿಲ್ಲ. ಎರಡನೆಯವನ ಚಿತ್ರ ಎಷ್ಟೇ ಹಾಳಾಗಿದ್ದರೂ ಅವನ ಅಂಕ ಹೋಗುವುದಿಲ್ಲ. ನಾವು ಅಂಕ ಕಳೆದದ್ದು ಚಿತ್ರಕ್ಕಲ್ಲ, ಇಲ್ಲದ ಹೆಜ್ಜೆಗೆ. ಆದ್ದರಿಂದ ಉತ್ತರದ ಪಕ್ಕದಲ್ಲಿ "ಚಿತ್ರ ತಪ್ಪು" ಎಂದು ಬರೆಯಬೇಡಿ, "CD, DA ಲೆಕ್ಕ ಇಲ್ಲ" ಎಂದು ಬರೆಯಿರಿ. ಮಗುವಿಗೆ ಮುಂದಿನ ಸಲ ಏನು ಮಾಡಬೇಕೆಂದು ಆಗ ತಿಳಿಯುತ್ತದೆ.

ಇದಕ್ಕೆ ಸಣ್ಣ ತಿದ್ದುಪಡಿ ಇದೆ, ಇದನ್ನು ಬಿಟ್ಟರೆ ನಾನು ಅನ್ಯಾಯ ಮಾಡಿದಂತಾಗುತ್ತದೆ. ಒಬ್ಬ ವಿದ್ಯಾರ್ಥಿ ನಕ್ಷಾ ಹಾಳೆಯಲ್ಲಿ ನಾಲ್ಕು ಬಿಂದುಗಳನ್ನು ಸರಿಯಾಗಿ ಗುರುತಿಸಿ, ಪ್ರತಿ ಬಾಹುವಿನ ಪಕ್ಕದಲ್ಲಿ "ಅಡ್ಡ 4 ಮನೆ, ನೇರ 2 ಮನೆ", "ಅಡ್ಡ 2 ಮನೆ, ನೇರ 4 ಮನೆ" ಎಂದು ಬರೆದು, ಪೈಥಾಗೊರಸ್ ಪ್ರಮೇಯದಿಂದ √20 ತೆಗೆದರೆ? ಅವನು ಕಣ್ಣಂದಾಜಿನಿಂದ ಹೇಳಿಲ್ಲ. ಮನೆ ಎಣಿಸುವುದೆಂದರೆ ನಿರ್ದೇಶಾಂಕಗಳನ್ನು ಕಳೆಯುವುದೇ. ದೂರ ಸೂತ್ರ ಹುಟ್ಟಿದ್ದೂ ಹಾಗೆಯೇ. ಅವನಿಗೆ ಪೂರ್ಣ ಅಂಕ ಸಲ್ಲಬೇಕು. ಸೂತ್ರ ಬರೆದಿಲ್ಲ ಎಂದು ಅಲ್ಲಿ ಅರ್ಧ ಕಳೆಯುವವರನ್ನು ನಾನು ಒಪ್ಪುವುದಿಲ್ಲ.

ಇನ್ನು ಚಿತ್ರದ ತಪ್ಪಿನಲ್ಲಿಯೇ ಎರಡು ಜಾತಿ ಇವೆ. ಇವನ್ನು ಬೇರೆ ಮಾಡದಿದ್ದರೆ ತಿದ್ದುವ ಕೆಲಸ ಗೊಂದಲವಾಗುತ್ತದೆ. ಹೊಲ ಅಳೆಯಲು ಬಂದ ಭೂಮಾಪಕರು ಮೊದಲು ಕೈಯಿಂದಲೇ ಒಂದು ಕಚ್ಚಾ ನಕ್ಷೆ ಹಾಕಿ ಅದರ ಮೇಲೆ ಅಳತೆ ಬರೆದುಕೊಳ್ಳುವುದನ್ನು ನೀವು ನೋಡಿರುತ್ತೀರಿ. ಆ ನಕ್ಷೆಯಲ್ಲಿ ಉದ್ದದ ಬದು ಗಿಡ್ಡವಾಗಿ ಕಂಡರೆ ಯಾರೂ ತಕರಾರು ಮಾಡುವುದಿಲ್ಲ, ಬರೆದ ಅಳತೆಯೇ ಲೆಕ್ಕ. ಆದರೆ ಬಾಂದುಕಲ್ಲುಗಳ ಕ್ರಮ ತಪ್ಪಿದರೆ, ಎರಡನೆಯ ಕಲ್ಲು ಇರಬೇಕಾದಲ್ಲಿ ಮೂರನೆಯದನ್ನು ಬರೆದರೆ, ಹೊಲವೇ ಬೇರೆಯಾಗುತ್ತದೆ. ವಿದ್ಯಾರ್ಥಿಯ ಕಚ್ಚಾ ಚಿತ್ರದಲ್ಲಿಯೂ ಅಳತೆಯ ತಪ್ಪು ಬೇರೆ, ಕ್ರಮದ ತಪ್ಪು ಬೇರೆ. ಅಳತೆಯ ತಪ್ಪು ಲೆಕ್ಕದೊಳಕ್ಕೆ ಇಳಿಯುವುದು ಅಪರೂಪ. ಕ್ರಮದ ತಪ್ಪು ಮಾತ್ರ ಬಹುಪಾಲು ಇಳಿದೇ ಇಳಿಯುತ್ತದೆ.

ಉದಾಹರಣೆಗೆ ಮೂರು ಅಂಕದ ಈ ಪ್ರಶ್ನೆ: PQRS ಒಂದು ಸಮಾಂತರ ಚತುರ್ಭುಜ. P(−2, 1), Q(3, 2), R(5, 6) ಆದರೆ S ನ ನಿರ್ದೇಶಾಂಕಗಳನ್ನು ಕಂಡುಹಿಡಿಯಿರಿ. PQRS ಎಂದು ಹೆಸರಿಸಿದ್ದರಿಂದ PR ಮತ್ತು QS ಕರ್ಣಗಳು. PR ನ ಮಧ್ಯಬಿಂದು (3/2, 7/2). ಅದೇ QS ನ ಮಧ್ಯಬಿಂದುವೂ ಆಗಬೇಕು. ಆದ್ದರಿಂದ S(0, 5).

ಒಬ್ಬ ವಿದ್ಯಾರ್ಥಿ ಚಿತ್ರ ಬರೆಯುವಾಗ ಶೃಂಗಗಳನ್ನು P, Q, S, R ಎಂಬ ಕ್ರಮದಲ್ಲಿ ಸುತ್ತಲೂ ಬರೆದ ಎಂದುಕೊಳ್ಳಿ. ಅವನ ಚಿತ್ರದಲ್ಲಿ P ಗೆ ಎದುರಾಗಿ S ಇದೆ, Q ಗೆ ಎದುರಾಗಿ R ಇದೆ. ಅವನು QR ನ ಮಧ್ಯಬಿಂದು (4, 4) ತೆಗೆದು, ಅದನ್ನು PS ನ ಮಧ್ಯಬಿಂದುವಿಗೆ ಸಮೀಕರಿಸಿ, S(10, 7) ಎಂದು ಉತ್ತರ ಬರೆಯುತ್ತಾನೆ. ಮಾದರಿ ಉತ್ತರದಲ್ಲಿ (0, 5) ಇದೆ. ಅವಸರದ ಮೌಲ್ಯಮಾಪಕ ಸೊನ್ನೆ ಹಾಕಿ ಮುಂದಿನ ಪುಟ ತಿರುವುತ್ತಾನೆ.

ಹಾಗೆ ಮಾಡಬಾರದು. ಈ ಹುಡುಗನಿಗೆ ಏನು ಗೊತ್ತಿದೆ? ಸಮಾಂತರ ಚತುರ್ಭುಜದ ಕರ್ಣಗಳು ಪರಸ್ಪರ ಅರ್ಧಿಸುತ್ತವೆ ಎಂಬುದು ಗೊತ್ತು. ಮಧ್ಯಬಿಂದು ಸೂತ್ರ ಗೊತ್ತು. ಸಮೀಕರಣ ಬಿಡಿಸುವುದು ಗೊತ್ತು. ಗೊತ್ತಿಲ್ಲದ್ದು ಒಂದೇ, PQRS ಎಂಬ ಹೆಸರೇ ಶೃಂಗಗಳ ಕ್ರಮವನ್ನು ಹೇಳುತ್ತದೆ ಎಂಬುದು. ನಾನು ಹಂಚುವ ರೀತಿಯಲ್ಲಿ ಕರ್ಣಗಳ ಗುಣಕ್ಕೆ ಅರ್ಧ, ಸರಿಯಾದ ಕರ್ಣದ ಮಧ್ಯಬಿಂದುವಿಗೆ ಒಂದು, ಇನ್ನೊಂದು ಕರ್ಣಕ್ಕೆ ಸಮೀಕರಿಸಿ ಬಿಡಿಸುವುದಕ್ಕೆ ಒಂದು, ಅಂತಿಮ ಉತ್ತರಕ್ಕೆ ಅರ್ಧ. ಇವನಿಗೆ ಗುಣದ ಅರ್ಧ ಸಿಗುತ್ತದೆ. ಮಧ್ಯಬಿಂದುವಿನ ಲೆಕ್ಕ ಸರಿ, ಆದರೆ ಕರ್ಣ ತಪ್ಪು, ಆದ್ದರಿಂದ ಒಂದರಲ್ಲಿ ಅರ್ಧ. ಸಮೀಕರಿಸಿ ಬಿಡಿಸಿದ್ದಕ್ಕೆ ಪೂರ್ತಿ ಒಂದು, ಏಕೆಂದರೆ ಆ ಹೆಜ್ಜೆಯಲ್ಲಿ ಹೊಸ ತಪ್ಪು ಇಲ್ಲ. ಅಂತಿಮ ಉತ್ತರ ಕೇಳಿದ ಚತುರ್ಭುಜದ್ದಲ್ಲ, ಆದ್ದರಿಂದ ಆ ಅರ್ಧ ಇಲ್ಲ. ಒಟ್ಟು ಎರಡು. ಒಂದು ತಪ್ಪಿಗೆ ಪ್ರತಿ ಸಾಲಿನಲ್ಲಿಯೂ ಮತ್ತೆ ಮತ್ತೆ ದಂಡ ಹಾಕುವುದು ಯಾವ ನ್ಯಾಯಕ್ಕೂ ಸೇರುವುದಿಲ್ಲ.

ಚಿತ್ರವೇ ಇಲ್ಲದೆ ಇನ್ನೊಬ್ಬಳು "QR ನ ಮಧ್ಯಬಿಂದು = PS ನ ಮಧ್ಯಬಿಂದು" ಎಂದು ಆರಂಭಿಸಿ (10, 7) ಬರೆದಿದ್ದರೆ? ಅವಳಿಗೂ ಎರಡೇ. ತಪ್ಪು ಇರುವುದು ಸಾಲಿನಲ್ಲಿ, ಚಿತ್ರದಲ್ಲಲ್ಲ. ಚಿತ್ರವಿದ್ದರೆ ತಪ್ಪು ಹೇಗೆ ಹುಟ್ಟಿತು ಎಂದು ನಮಗೆ ಕಾಣುತ್ತದೆ, ಅಷ್ಟೇ. ಅದಕ್ಕಾಗಿ ಒಬ್ಬರಿಗೆ ಹೆಚ್ಚು, ಇನ್ನೊಬ್ಬರಿಗೆ ಕಡಿಮೆ ಕೊಡುವಂತಿಲ್ಲ. ಹಾಗೆಯೇ ಚಿತ್ರದಲ್ಲಿ P, Q, S, R ಎಂದು ತಪ್ಪಾಗಿ ಬರೆದು, ಲೆಕ್ಕದಲ್ಲಿ PR, QS ಗಳನ್ನೇ ತೆಗೆದುಕೊಂಡು (0, 5) ತಂದವರೂ ಇರುತ್ತಾರೆ. ಪ್ರಶ್ನೆ ಓದಿ ಬರೆದಿದ್ದಾರೆ, ಚಿತ್ರ ನೋಡಿ ಬರೆದಿಲ್ಲ. ಮೂರಕ್ಕೆ ಮೂರು.

ಇಲ್ಲಿ ಪ್ರಶ್ನೆ ತೆಗೆಯುವವರಿಗೆ ಒಂದು ಮಾತು ಹೇಳಲೇಬೇಕು. ಶಾಲಾ ಮಟ್ಟದ ಪ್ರಶ್ನೆಪತ್ರಿಕೆಯಲ್ಲಿ "ಒಂದು ಸಮಾಂತರ ಚತುರ್ಭುಜದ ಮೂರು ಶೃಂಗಗಳು (−2, 1), (3, 2), (5, 6) ಆದರೆ ನಾಲ್ಕನೆಯ ಶೃಂಗ ಕಂಡುಹಿಡಿಯಿರಿ" ಎಂದಷ್ಟೇ ಇದ್ದರೆ ಉತ್ತರ ಒಂದಲ್ಲ, ಮೂರು. (0, 5) ಸರಿ, (10, 7) ಸರಿ, (−4, −3) ಕೂಡ ಸರಿ. ಈ ಮೂರನ್ನು ಸೇರಿಸಿ ದೊಡ್ಡ ತ್ರಿಭುಜ ಬರೆದರೆ ಅದರ ಮೂರು ಬಾಹುಗಳ ಮಧ್ಯಬಿಂದುಗಳೇ ಪ್ರಶ್ನೆಯಲ್ಲಿ ಕೊಟ್ಟ ಮೂರು ಬಿಂದುಗಳು. ಮನೆಗೆ ಹೋಗಿ ಪರೀಕ್ಷಿಸಿ ನೋಡಿ, ಸೊಗಸಾದ ಸಂಗತಿ ಅದು. ಅಂಥ ಪ್ರಶ್ನೆಗೆ ಯಾವ ಕ್ರಮದ ಚಿತ್ರ ಬರೆದರೂ ಅದು ತಪ್ಪು ಚಿತ್ರವಲ್ಲ, ಮೂರರಲ್ಲಿ ಯಾವ ಉತ್ತರ ಬಂದರೂ ಪೂರ್ಣ ಅಂಕ. ಮಾದರಿ ಉತ್ತರದಲ್ಲಿ ಒಂದೇ ಇದ್ದರೆ ತಿದ್ದಲು ಆರಂಭಿಸುವ ಮೊದಲಿನ ಚರ್ಚೆಯಲ್ಲಿಯೇ ಅದನ್ನು ಎತ್ತಬೇಕು. ನೂರು ಪತ್ರಿಕೆ ತಿದ್ದಿದ ಮೇಲೆ ಎತ್ತಿದರೆ ಆಗಲೇ ಕೊಟ್ಟ ಅಂಕಗಳ ಗತಿ ಏನು?

"ಹಾಗಾದರೆ ನಮ್ಮ ಮಕ್ಕಳಿಗೆ ಚಿತ್ರ ಬರೆಯಬೇಡಿ ಎನ್ನೋಣವೇ?" ಎಂದು ಪಾಲಕರೊಬ್ಬರು ಚೀಟಿ ಕಳಿಸಿದ್ದಾರೆ. ಖಂಡಿತ ಬೇಡ ತಾಯಿ, ಹಾಗೆ ಹೇಳಬೇಡಿ. ಚಿತ್ರ ಬರೆಯುವುದು ಅಂಕಕ್ಕಾಗಿ ಅಲ್ಲ, ದಾರಿ ತಪ್ಪದಿರಲು. ಅದು ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ತೋರಿಸುತ್ತೇನೆ.

(−4, −1), (2, 2), (0, 1), (1, −3) ಈ ಬಿಂದುಗಳನ್ನು ಕ್ರಮವಾಗಿ A, B, C, D ಎನ್ನಿ. ಇವುಗಳಿಂದ ಚತುರ್ಭುಜ ಉಂಟಾಗುತ್ತದೆಯೇ, ಆದರೆ ಯಾವ ವಿಧದ್ದು ಎಂಬುದು ಪ್ರಶ್ನೆ. ಚಿತ್ರ ಬರೆಯದ ವಿದ್ಯಾರ್ಥಿ ದೂರ ಸೂತ್ರ ಹಾಕುತ್ತಾನೆ. AB = √45, BC = √5, CD = √17, DA = √29. ನಾಲ್ಕೂ ಬೇರೆ ಬೇರೆ. "ಆದ್ದರಿಂದ ಸಾಮಾನ್ಯ ಚತುರ್ಭುಜ" ಎಂದು ಮುಗಿಸುತ್ತಾನೆ. ನಾಲ್ಕು ಲೆಕ್ಕಗಳೂ ಸರಿ, ತೀರ್ಮಾನ ತಪ್ಪು. ಏಕೆಂದರೆ A, C, B ಒಂದೇ ಸರಳರೇಖೆಯ ಮೇಲಿವೆ, ಚತುರ್ಭುಜವೇ ಆಗುವುದಿಲ್ಲ. ಅಡ್ಡಾದಿಡ್ಡಿ ಕಚ್ಚಾ ಚಿತ್ರವೊಂದನ್ನು ಬರೆದಿದ್ದರೂ ಆ ಮೂರು ಬಿಂದುಗಳು ಸಾಲಾಗಿ ನಿಂತದ್ದು ಕಣ್ಣಿಗೆ ಬೀಳುತ್ತಿತ್ತು, ಮನಸ್ಸಿನಲ್ಲಿ ಸಂಶಯ ಏಳುತ್ತಿತ್ತು.

ಆದರೆ ಸಂಶಯ ಬೇರೆ, ಸಾಧನೆ ಬೇರೆ. ಅದೇ ಪ್ರಶ್ನೆಗೆ ಇನ್ನೊಬ್ಬ ಚಿತ್ರ ಬರೆದು "ಚಿತ್ರದಿಂದ A, C, B ಏಕರೇಖೆಯಲ್ಲಿವೆ, ಚತುರ್ಭುಜ ಆಗುವುದಿಲ್ಲ" ಎಂದಷ್ಟೇ ಬರೆದರೆ ಅವನಿಗೂ ಪೂರ್ಣ ಅಂಕ ಕೊಡಲಾರೆ. B ಯನ್ನು (2, 2) ರ ಬದಲು (3, 2) ಎಂದು ಇಟ್ಟು ನೋಡಿ. ಆಗ ಮೂರೂ ಒಂದೇ ರೇಖೆಯಲ್ಲಿರುವುದಿಲ್ಲ, C ಬಿಂದು AB ರೇಖೆಗಿಂತ ನೇರವಾಗಿ ಮೇಲಕ್ಕೆ 2/7 ಮಾನದಷ್ಟು ಇರುತ್ತದೆ. ಅರ್ಧ ಸೆಂಟಿಮೀಟರಿಗೆ ಒಂದು ಮಾನ ಎಂದು ಬರೆದ ಚಿತ್ರದಲ್ಲಿ ಅದು ಸುಮಾರು ಒಂದೂವರೆ ಮಿಲಿಮೀಟರು. ಮೊಂಡು ಪೆನ್ಸಿಲ್ಲಿನ ಚುಕ್ಕೆ, ಕೈಯಿಂದ ಎಳೆದ ಗೆರೆ, ಇವುಗಳ ನಡುವೆ ಆ ಒಂದೂವರೆ ಮಿಲಿಮೀಟರು ಎಲ್ಲಿ ಕಾಣುತ್ತದೆ? ಎರಡೂ ಪ್ರಶ್ನೆಗಳಿಗೆ ಅವನ ಚಿತ್ರ ಒಂದೇ ಉತ್ತರ ಹೇಳುತ್ತದೆ. ಅವನು ಇನ್ನೊಂದು ಸಾಲು ಬರೆಯಬೇಕಿತ್ತು: AC = √20 = 2√5, CB = √5, AB = √45 = 3√5, ಆದ್ದರಿಂದ AC + CB = AB. ಆ ಸಾಲು ಇದ್ದರೆ ಚಿತ್ರ ಇರಲಿ, ಇಲ್ಲದಿರಲಿ, ಪೂರ್ಣ ಅಂಕ. ಆ ಸಾಲು ಇಲ್ಲದಿದ್ದರೆ ಸರಿಯಾದ ತೀರ್ಮಾನಕ್ಕೆ ಇಟ್ಟ ಅಂಕ ಮಾತ್ರ. ಚಿತ್ರ ಬರೆಯದೆ ಸಾಮಾನ್ಯ ಚತುರ್ಭುಜ ಎಂದ ಮೊದಲನೆಯವನಿಗೆ ದೂರಗಳ ಅಂಕ ಸಲ್ಲುತ್ತದೆ, ತೀರ್ಮಾನದ್ದು ಇಲ್ಲ. ಅಲ್ಲಿಯೂ "ಚಿತ್ರವಿಲ್ಲ" ಎಂದು ಪ್ರತ್ಯೇಕ ಕಡಿತ ಬೇಡ. ಚಿತ್ರ ಬರೆಯದ ಬೆಲೆಯನ್ನು ಅವನು ತೀರ್ಮಾನದಲ್ಲಿ ಆಗಲೇ ತೆತ್ತಿದ್ದಾನೆ.

ಪ್ರಶ್ನೆಯೇ ಚಿತ್ರ ಕೇಳಿದ್ದರೆ ಮಾತು ಬೇರೆ. "ನಕ್ಷೆಯ ಮೂಲಕ ಬಿಡಿಸಿ" ಎಂದಾಗ ನಕ್ಷೆಯೇ ವಿಧಾನ, ಮಾನ ಗುರುತಿಸದಿದ್ದರೆ, ಬಿಂದು ತಪ್ಪಿದರೆ ಅಂಕ ಹೋಗಲೇಬೇಕು. "ಬಿಂದುಗಳನ್ನು ಗುರುತಿಸಿ" ಎಂದಾಗಲೂ ಹಾಗೆಯೇ. ಇದರಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಇರಲಾರದು.

ಕೊನೆಗೆ ರಾಣೇಬೆನ್ನೂರಿನಿಂದ ಬಂದ ಶಿಕ್ಷಕಿಯೊಬ್ಬರು ಎದ್ದು ಒಂದು ಪ್ರಶ್ನೆ ಕೇಳಿದರು. ಇಡೀ ಸಭೆಯಲ್ಲಿ ನನಗೆ ಅತ್ಯಂತ ಹಿಡಿಸಿದ ಪ್ರಶ್ನೆ ಅದು. "ಸರ್, ಮಕ್ಕಳು ಪ್ರಶ್ನೆಯಿಂದ ಬಿಂದುಗಳನ್ನು ಚಿತ್ರಕ್ಕೆ ಇಳಿಸಿಕೊಂಡು, ಮುಂದೆ ಚಿತ್ರವನ್ನೇ ನೋಡಿ ಲೆಕ್ಕ ಮಾಡುತ್ತಾರೆ. ಇಳಿಸುವಾಗಲೇ ಒಂದು ಋಣ ಚಿಹ್ನೆ ಬಿಟ್ಟುಹೋದರೆ ಏನು ಮಾಡಬೇಕು?"

ಮೊದಲಿನ ವಜ್ರಾಕೃತಿಯನ್ನೇ ತೆಗೆದುಕೊಂಡು ಅವರಿಗೆ ಉತ್ತರ ಹೇಳಿದೆ. C(−2, −1) ಇರಬೇಕಾದಲ್ಲಿ ಚಿತ್ರದಲ್ಲಿ C(−2, 1) ಎಂದು ಬರೆದಿದೆ. ಲೆಕ್ಕ ಚಿತ್ರದ ಸಂಖ್ಯೆಯನ್ನು ಹಿಡಿದು ಸಾಗಿದೆ. ಆಗ AB, DA √20 ಬರುತ್ತವೆ, ಅವುಗಳಿಗೆ C ಯ ಸಂಬಂಧವಿಲ್ಲ. BC = √8, CD = 4 ಬರುತ್ತವೆ. ಈ ಘಟ್ಟದಲ್ಲಿ ಇಬ್ಬರು ವಿದ್ಯಾರ್ಥಿಗಳು ಎರಡು ದಾರಿ ಹಿಡಿಯುತ್ತಾರೆ. ಒಬ್ಬಳು AC = √52, BD = √8 ಎಂದೂ ತೆಗೆದು, "ಬಾಹುಗಳು ಸಮವಿಲ್ಲ, ABCD ವಜ್ರಾಕೃತಿ ಅಲ್ಲ" ಎಂದು ಬರೆಯುತ್ತಾಳೆ. ಇನ್ನೊಬ್ಬ ಪ್ರಶ್ನೆಯಲ್ಲಿ ವಜ್ರಾಕೃತಿ ಎಂದಿದೆಯಲ್ಲ ಎಂದು BC ಗೂ CD ಗೂ √20 ಎಂದು ತುಂಬಿ, ಎಲ್ಲ ಸರಿಹೋಯಿತೆಂದು ತೋರಿಸುತ್ತಾನೆ.

ಮೊದಲನೆಯವಳಿಗೆ AB, DA ಗಳ ಒಂದು ಅಂಕ ಪೂರ್ತಿ ಸಿಗುತ್ತದೆ. BC, CD ಗಳ ವಿಧಾನ ಸರಿ, ನಕಲು ಮಾಡಿದ ತಪ್ಪಿಗೆ ಒಂದೇ ಸಲ ಅರ್ಧ ಕಳೆದು ಅಲ್ಲಿ ಅರ್ಧ ಕೊಡುತ್ತೇನೆ. ಕರ್ಣಗಳಿಗೆ ಒಂದು. ತೀರ್ಮಾನಕ್ಕೂ ವಿಸ್ತೀರ್ಣಕ್ಕೂ ಇಲ್ಲ. ಒಟ್ಟು ಎರಡೂವರೆ. ಎರಡನೆಯವನ BC, CD ಸಾಲುಗಳನ್ನು ಅವನದೇ ಚಿತ್ರದ ಸಂಖ್ಯೆಗಳಿಂದ ಲೆಕ್ಕ ಹಾಕಿ ನೋಡಿ. √20 ಬರುವುದಿಲ್ಲ, ಮೇಲಿನ ಸಾಲಿನಿಂದ ಕೆಳಗಿನದು ಹುಟ್ಟಿಲ್ಲ. ಅವೆರಡಕ್ಕೂ, ಅವುಗಳ ಮೇಲೆ ನಿಂತ ತೀರ್ಮಾನಕ್ಕೂ ಸೊನ್ನೆ. ವಿಸ್ತೀರ್ಣವೂ ಆ ತೀರ್ಮಾನವನ್ನೇ ನಂಬಿರುವುದರಿಂದ ಅದೂ ಇಲ್ಲ. AB, DA ಗಳ ಒಂದು ಅಂಕ ಮತ್ತು ಕರ್ಣಗಳನ್ನು ನಿಜವಾಗಿ ಲೆಕ್ಕ ಹಾಕಿದ್ದರೆ ಅವುಗಳದ್ದು ಮಾತ್ರ ಸಿಗುತ್ತದೆ.

"ಆದರೆ ಅವನ ಅಂತಿಮ ವಾಕ್ಯ ಮಾದರಿ ಉತ್ತರದಂತೆಯೇ ಇದೆಯಲ್ಲ?" ಎಂದು ಅವರು ಮರಳಿ ಕೇಳಿದರು. ಇದೆ, ನಿಜ. ಅದಕ್ಕಾಗಿಯೇ ಕೊನೆಯ ಸಾಲನ್ನು ಮೊದಲು ನೋಡಿ ಅಂಕ ಹಾಕಬೇಡಿ ಎನ್ನುತ್ತೇನೆ. ಬಾಹುಗಳಲ್ಲಿ ಎರಡು √20 ಸರಿಯಾಗಿ ಬಂದು ಉಳಿದೆರಡು ಲೆಕ್ಕದ ಹೆಜ್ಜೆಗಳಿಲ್ಲದೆ √20 ಆಗಿದ್ದರೆ ಅಲ್ಲಿ ನಿಂತು, ಚಿತ್ರದ ಮೇಲೆ ಬರೆದ ನಿರ್ದೇಶಾಂಕಗಳನ್ನು ಪ್ರಶ್ನೆಪತ್ರಿಕೆಯ ಪಕ್ಕದಲ್ಲಿಟ್ಟು ಒಂದೊಂದಾಗಿ ಹೋಲಿಸಿ. ಬಿಟ್ಟುಹೋದ ಚಿಹ್ನೆ ಅಲ್ಲಿಯೇ ಸಿಗುತ್ತದೆ.